ಪಾಸ್‌ಬುಕ್‌ನಲ್ಲಿ ಹೆಸರು ತಪ್ಪಾಗಿದೆಯೇ? ಬ್ರಾಂಚ್ ಮ್ಯಾನೇಜರ್‌ಗೆ ಅರ್ಜಿ ಬರೆಯೋದು ಹೀಗೆ

ಗಂಡ ತೀರಿಕೊಂಡು ಎರಡು ತಿಂಗಳಾಗಿದೆ. ಅವರ ಉಳಿತಾಯ ಖಾತೆಯಿಂದ ಪ್ರತಿ ವರ್ಷ 436 ರೂಪಾಯಿ ಕಟ್ ಆಗ್ತಿದ್ದ ಜೀವನ್ ಜ್ಯೋತಿ ವಿಮೆಯ 2 ಲಕ್ಷ ರೂಪಾಯಿ ಹೆಂಡತಿಗೆ ಬರಬೇಕು. ನಾಮಿನಿ ಹೆಸರು ಸರಿ ಇದೆ, ಮರಣ ಪ್ರಮಾಣಪತ್ರ ಇದೆ, ಆಧಾರ್ ಇದೆ. ಕೌಂಟರ್‌ನಲ್ಲಿ ಕೂತವರು ಹೆಂಡತಿಯ ಪಾಸ್‌ಬುಕ್ ತೆರೆದು ನೋಡಿ ವಾಪಸ್ ಕೊಡ್ತಾರೆ: "ಇದರಲ್ಲಿ ಹೆಸರು ಬೇರೆ ಇದೆಯಲ್ಲಮ್ಮ. ಮೊದಲು ಇದನ್ನ ಸರಿ ಮಾಡಿಸ್ಕೊಂಡು ಬನ್ನಿ."

ನಾಮಿನಿ ಕಾಲಂನಲ್ಲಿ, ಆಧಾರ್‌ನಲ್ಲಿ ಇರೋದು SHARADAMMA. ಪಾಸ್‌ಬುಕ್‌ನಲ್ಲಿ ಇರೋದು SARADAMA K. ಕನ್ನಡದಲ್ಲಿ ಓದಿದರೆ ಎರಡೂ ಶಾರದಮ್ಮನೇ. ಕಂಪ್ಯೂಟರ್‌ಗೆ ಮಾತ್ರ ಇಬ್ಬರು ಬೇರೆ ಬೇರೆ ಹೆಂಗಸರು.

ಶಾರದಮ್ಮ ಅನ್ನೋದು ಇಲ್ಲಿ ಮಾದರಿಗೆ ಇಟ್ಟುಕೊಂಡ ಹೆಸರು. ಪ್ರಸಂಗ ಮಾತ್ರ ತಾಲೂಕಿನ ಯಾವ ಬ್ಯಾಂಕಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತರೂ ಕಿವಿಗೆ ಬೀಳುವಂಥದ್ದು. ಇದಕ್ಕೆ ಬೇಕಾಗಿರೋದು ಒಂದು ಪುಟದ ಅರ್ಜಿ. ಆದರೆ ಅದೇ ಅರ್ಜಿ ಸರಿಯಾಗಿ ಬರೆಯದೆ ಮೂರು ಮೂರು ಸಲ ಓಡಾಡುವವರೇ ಜಾಸ್ತಿ.

ಒಂದು ಅಕ್ಷರ ಯಾಕೆ ತಪ್ಪುತ್ತೆ?

ಬ್ಯಾಂಕಿನ ಕಂಪ್ಯೂಟರ್‌ನಲ್ಲಿ ಹೆಸರು ಕೂರೋದು ಇಂಗ್ಲಿಷಿನಲ್ಲಿ. ಕನ್ನಡದ ಹೆಸರನ್ನು ಇಂಗ್ಲಿಷಿಗೆ ಇಳಿಸುವಾಗ ಒಬ್ಬೊಬ್ಬರದು ಒಂದೊಂದು ದಾರಿ. ಶ ಬಂದರೆ ಒಬ್ಬರು SH ಹಾಕ್ತಾರೆ, ಇನ್ನೊಬ್ಬರು ಬರೀ S. ಒತ್ತಕ್ಷರ ಬಂದ ಕಡೆ MMA ಆಗಬೇಕಾದ್ದು MA ಆಗುತ್ತೆ. ದ ಅನ್ನೋದು ಒಬ್ಬರಿಗೆ D, ಇನ್ನೊಬ್ಬರಿಗೆ DH. ತ, ಥ, ಟ ಮೂರಕ್ಕೂ T, TH ಎರಡೇ ಇರೋದರಿಂದ ಅಲ್ಲೂ ಗೊಂದಲ. ಇನ್ನು ಇನಿಷಿಯಲ್. ಅಪ್ಪನ ಹೆಸರಿನ ಮೊದಲಕ್ಷರ ಹಿಂದೆ ಬರಬೇಕಾ, ಮುಂದೆ ಬರಬೇಕಾ, ಬರಲೇಬೇಕಾ ಅನ್ನೋದಕ್ಕೆ ನಮ್ಮ ಕಡೆ ನಿಯಮವೇ ಇಲ್ಲ.

2014ರ ಆಗಸ್ಟ್‌ನಲ್ಲಿ ಜನಧನ್ ಯೋಜನೆ ಶುರುವಾದ ಮೇಲೆ ಊರೂರಲ್ಲಿ ಕ್ಯಾಂಪ್ ಹಾಕಿ ಖಾತೆ ತೆರೆದದ್ದು ನೆನಪಿರಬಹುದು. ಫಾರಂ ತುಂಬಿದವರು ಒಬ್ಬರು, ಕಂಪ್ಯೂಟರ್‌ಗೆ ಹೊಡೆದವರು ಇನ್ನೊಬ್ಬರು. ಖಾತೆದಾರರು ಬಾಯಲ್ಲಿ ಹೇಳಿದ್ದಷ್ಟೇ. ಶಾರದಮ್ಮನ ಖಾತೆಯೂ ಅಂಥ ಕ್ಯಾಂಪಿನದ್ದೇ ಅಂದುಕೊಳ್ಳೋಣ. ಅವತ್ತು ಕೊಟ್ಟ ವೋಟರ್ ಐಡಿ ಜೆರಾಕ್ಸ್‌ನಲ್ಲಿ SHARADAMMA ಅಂತಲೇ ಇತ್ತು. ಹೊಡೆಯುವವರ ಕೈಯಲ್ಲಿ ಒಂದು H, ಒಂದು M ಬಿಟ್ಟುಹೋಗಿ, ಗಂಡನ ಹೆಸರಿನ K ಬಂದು ಸೇರಿಕೊಂಡಿತು.

ಇಷ್ಟು ದಿನ ನಡೀತಿತ್ತು, ಈಗೇನು?

"ಹತ್ತು ವರ್ಷದಿಂದ ಇದೇ ಖಾತೆಗೆ ದುಡ್ಡು ಬರ್ತಿದೆ, ಯಾರೂ ಕೇಳಿಲ್ಲ" ಅಂತ ಜನ ಹೇಳೋದು ಸುಳ್ಳಲ್ಲ. ನೆಫ್ಟ್ ಮೂಲಕ ಯಾರಾದರೂ ಹಣ ಕಳಿಸಿದರೆ ಬ್ಯಾಂಕ್ ಖಾತೆ ಸಂಖ್ಯೆ ನೋಡಿ ಜಮಾ ಮಾಡುತ್ತೆ, ಹೆಸರು ತಾಳೆ ಆಗದಿದ್ದರೂ ಹಣ ನಿಲ್ಲುತ್ತಿರಲಿಲ್ಲ. ಸರ್ಕಾರದ ಯೋಜನೆಗಳ ಹಣ ಬರೋದು ಆಧಾರ್ ಸಂಖ್ಯೆಯ ಮೇಲೆ. ಆ ಸಂಖ್ಯೆಗೆ ಯಾವ ಬ್ಯಾಂಕ್ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗಿ ಬೀಳುತ್ತೆ. ಅಲ್ಲೂ ಪ್ರತಿ ಸಲ ಹೆಸರಿನ ಕಾಗುಣಿತ ನೋಡುವವರಿಲ್ಲ.

ಹೆಸರು ನೋಡೋದು ಯಾವಾಗ ಅಂದರೆ, ಮನುಷ್ಯರ ಕಣ್ಣಿಗೆ ಕಾಗದ ಬಿದ್ದಾಗ. ವಿಮೆ ಕ್ಲೇಮು, ಸಾಲದ ಅರ್ಜಿ, ಪಿಎಫ್ ಹಣ, ಚೆಕ್ಕು, ಹೊಸದಾಗಿ ಆಧಾರ್ ಜೋಡಣೆ, ಕೆವೈಸಿ ನವೀಕರಣ. ಬಹುತೇಕರಿಗೆ ತಪ್ಪು ಗೊತ್ತಾಗೋದು ಇಂಥ ಹೊತ್ತಲ್ಲೇ, ಅಂದರೆ ದುಡ್ಡು ಅರ್ಜೆಂಟಾಗಿ ಬೇಕಾದಾಗಲೇ.

ಇದರ ಜೊತೆಗೆ ಈಚೆಗೆ ಎರಡು ಬದಲಾವಣೆ ಆಗಿವೆ. ನೆಫ್ಟ್, ಆರ್‌ಟಿಜಿಎಸ್ ಮಾಡುವವರಿಗೆ ಹಣ ಕಳಿಸುವ ಮೊದಲೇ ಆ ಖಾತೆ ಯಾರ ಹೆಸರಲ್ಲಿದೆ ಅಂತ ತೋರಿಸುವ ವ್ಯವಸ್ಥೆಯನ್ನು 2025ರ ಏಪ್ರಿಲ್ 1ರೊಳಗೆ ತರಬೇಕು ಅಂತ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಹೇಳಿತು. ಮೆಕ್ಕೆಜೋಳ ಕೊಂಡ ಮಂಡಿಯವರು ಬಿಲ್ಲಿನಲ್ಲಿ ಒಂದು ಹೆಸರು, ಪರದೆಯಲ್ಲಿ ಇನ್ನೊಂದು ಹೆಸರು ಕಂಡರೆ ಒಂದು ನಿಮಿಷ ನಿಲ್ಲೋದು ಸಹಜ. ಎರಡನೆಯದು, 2025ರ ಜೂನ್ 30ರಿಂದ ಯುಪಿಐ ಆ್ಯಪ್‌ಗಳು ಹಣ ಪಡೆಯುವವರ ಹೆಸರನ್ನು ಬ್ಯಾಂಕ್ ದಾಖಲೆಯಲ್ಲಿ ಇದ್ದಂತೆಯೇ ತೋರಿಸಬೇಕು. ಮೊಬೈಲ್‌ನಲ್ಲಿ ನೀವೇ ಇಟ್ಟುಕೊಂಡ ಹೆಸರು ಈಗ ನಡೆಯಲ್ಲ. ಪಾಸ್‌ಬುಕ್ಕಿನೊಳಗೆ ಅಡಗಿದ್ದ ತಪ್ಪು ಈಗ ಗಿರಾಕಿಯ ಮೊಬೈಲ್‌ನಲ್ಲೇ ಕಾಣುತ್ತೆ.

ಪೆನ್ನು ತೆಗೆಯೋ ಮುಂಚೆ: ತಪ್ಪು ಎಲ್ಲಿದೆ?

ಅರ್ಜಿ ಬರೆಯುವ ಮೊದಲು ಮನೆಯಲ್ಲಿರುವ ಎಲ್ಲ ಕಾಗದ ಒಂದು ಕಡೆ ಹರಡಿ, ಇಂಗ್ಲಿಷ್ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ. ಆಧಾರ್‌ನಲ್ಲಿ ಕನ್ನಡ ಸಾಲು ಸರಿ ಇದ್ದು ಇಂಗ್ಲಿಷ್ ಸಾಲು ತಪ್ಪಿರೋದು ಬೇಕಾದಷ್ಟಿದೆ. ಬ್ಯಾಂಕಿನವರು ನೋಡೋದು ಇಂಗ್ಲಿಷ್ ಸಾಲನ್ನೇ.

ಆಧಾರ್, ವೋಟರ್ ಐಡಿ, ಪಾನ್, ಮಾರ್ಕ್ಸ್ ಕಾರ್ಡ್ ಎಲ್ಲದರಲ್ಲೂ ಒಂದೇ ಕಾಗುಣಿತ ಇದ್ದು ಪಾಸ್‌ಬುಕ್ ಒಂದೇ ಬೇರೆ ಆಗಿದ್ದರೆ ಅದು ಬ್ಯಾಂಕಿನಲ್ಲಿ ಆಗಿರುವ ತಪ್ಪು. ಶಾರದಮ್ಮನದು ಇದೇ. ಇದು ಎಲ್ಲಕ್ಕಿಂತ ಸಲೀಸು. ಖಾತೆ ತೆರೆದಾಗಿನ ಫಾರಂ ಮತ್ತು ಅವತ್ತಿನ ಜೆರಾಕ್ಸ್ ಬ್ಯಾಂಕಿನವರ ಹತ್ತಿರವೇ ಇರಬೇಕು, ಅದೇ ಸಾಕ್ಷಿ.

ಪಾಸ್‌ಬುಕ್ ಸರಿ ಇದ್ದು ಆಧಾರ್ ತಪ್ಪಿದ್ದರೆ ಬ್ಯಾಂಕಿಗೆ ಹೋಗಲೇಬೇಡಿ. ಸರಿ ಇರೋದನ್ನು ತಪ್ಪಿಗೆ ಹೊಂದಿಸೋಕೆ ಹೋದರೆ ನಾಳೆ ಪಾನ್ ಕಾರ್ಡು, ಪಹಣಿ, ಮಕ್ಕಳ ದಾಖಲೆ ಎಲ್ಲದರಲ್ಲೂ ಅದೇ ತಲೆನೋವು. ಆಧಾರ್ ಕೇಂದ್ರಕ್ಕೆ ಹೋಗಿ ಅಲ್ಲಿ ಸರಿ ಮಾಡಿಸಬೇಕು. ಆಧಾರ್‌ನಲ್ಲಿ ಹೆಸರು ಬದಲಿಸಲು ಸಿಗೋದು ಎರಡೇ ಅವಕಾಶ. ಹಾಗಾಗಿ ಅಲ್ಲಿ ಆಪರೇಟರ್ ಹೊಡೆಯುವಾಗ ಪರದೆ ನೋಡಿ, ಕೊಟ್ಟ ಚೀಟಿಯಲ್ಲಿ ಇನ್ನೊಮ್ಮೆ ಓದಿಯೇ ಹೊರಗೆ ಬರಬೇಕು.

ಮೂರನೆಯದು ತಪ್ಪೇ ಅಲ್ಲ, ಬದಲಾವಣೆ. ಮದುವೆ ಆದ ಮೇಲೆ ಗಂಡನ ಹೆಸರು ಸೇರಿಸಿಕೊಂಡದ್ದು, ಇಷ್ಟಪಟ್ಟು ಬೇರೆ ಹೆಸರು ಇಟ್ಟುಕೊಂಡದ್ದು. ಇದಕ್ಕೆ "ತಿದ್ದುಪಡಿ" ಅಂತ ಅರ್ಜಿ ಬರೆದರೆ ವಾಪಸ್ ಬರುತ್ತೆ. ಹಳೇ ಹೆಸರಿನ ಗುರುತಿನ ದಾಖಲೆಯ ಜೊತೆ ಸರ್ಕಾರ ಕೊಟ್ಟ ವಿವಾಹ ನೋಂದಣಿ ಪತ್ರ ಅಥವಾ ಗೆಜೆಟ್ ಪ್ರಕಟಣೆ ಬೇಕು ಅಂತ ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮದಲ್ಲೇ ಇದೆ. ಲಗ್ನಪತ್ರಿಕೆ, ಮದುವೆ ಫೋಟೋ ನಡೆಯಲ್ಲ.

ದಾಖಲೆ ವಿಷಯದಲ್ಲಿ ಇನ್ನೊಂದು ಮಾತು. ಗುರುತಿಗೂ ವಿಳಾಸಕ್ಕೂ ಬ್ಯಾಂಕ್ ಒಪ್ಪುವ ಅಧಿಕೃತ ದಾಖಲೆಗಳು ಕೆಲವೇ: ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಆಧಾರ್, ವೋಟರ್ ಐಡಿ, ಅಧಿಕಾರಿ ಸಹಿ ಇರುವ ಉದ್ಯೋಗ ಖಾತ್ರಿ ಜಾಬ್ ಕಾರ್ಡ್, ಜನಸಂಖ್ಯಾ ನೋಂದಣಿಯ ಪತ್ರ. ಪಾನ್ ಕಾರ್ಡ್ ಈ ಪಟ್ಟಿಯಲ್ಲಿಲ್ಲ. ನಮ್ಮ ಜನ ಮೊದಲು ತೆಗೆದು ತೋರಿಸುವ ರೇಷನ್ ಕಾರ್ಡೂ ಇಲ್ಲ. ಇವೆರಡನ್ನು ಜೊತೆಗೆ ಇಡಬಹುದು, ಇವಷ್ಟನ್ನೇ ನೆಚ್ಚಿಕೊಂಡು ಹೋದರೆ ಕೆಲಸ ಆಗಲ್ಲ.

ಅರ್ಜಿ ಹೀಗಿರಲಿ

ಅರ್ಜಿ ಕನ್ನಡದಲ್ಲೇ ಬರೆಯಬಹುದು. ಆದರೆ ಎರಡು ಹೆಸರುಗಳನ್ನು ಮಾತ್ರ ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಒಂದರ ಕೆಳಗೆ ಒಂದು ಬರೆಯಬೇಕು. ಕೆಲವು ಬ್ಯಾಂಕುಗಳು ತಮ್ಮದೇ ಫಾರಂ ಕೊಡುತ್ತವೆ. ಫಾರಂ ತುಂಬಿದರೂ ಈ ಅರ್ಜಿಯನ್ನು ಅದಕ್ಕೆ ಪಿನ್ ಮಾಡಿ, ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತೆ. ಶಾರದಮ್ಮನ ಅರ್ಜಿ ಇದು:

ದಿನಾಂಕ: ……………

ಇವರಿಂದ,
ಶಾರದಮ್ಮ, ಗಂಡ: ದಿವಂಗತ ……………
(ಪೂರ್ತಿ ವಿಳಾಸ, ಮೊಬೈಲ್ ಸಂಖ್ಯೆ)

ಇವರಿಗೆ,
ಶಾಖಾ ವ್ಯವಸ್ಥಾಪಕರು,
…………… ಬ್ಯಾಂಕ್, …………… ಶಾಖೆ

ಮಾನ್ಯರೇ,

ವಿಷಯ: ಉಳಿತಾಯ ಖಾತೆ ಸಂಖ್ಯೆ ……………ರಲ್ಲಿ ತಪ್ಪಾಗಿ ನಮೂದಾಗಿರುವ ನನ್ನ ಹೆಸರನ್ನು ಸರಿಪಡಿಸುವ ಬಗ್ಗೆ.

ನಾನು ತಮ್ಮ ಶಾಖೆಯಲ್ಲಿ 2014ರಿಂದ ಮೇಲ್ಕಂಡ ಖಾತೆ ಹೊಂದಿರುತ್ತೇನೆ. ನನ್ನ ಗ್ರಾಹಕ ಸಂಖ್ಯೆ ……………. ಸದರಿ ಖಾತೆಯಲ್ಲಿ ನನ್ನ ಹೆಸರು ಈ ಕೆಳಗಿನಂತೆ ತಪ್ಪಾಗಿ ನಮೂದಾಗಿದೆ.

ಈಗ ದಾಖಲೆಯಲ್ಲಿ ಇರುವುದು: SARADAMA K
ಇರಬೇಕಾದ್ದು: SHARADAMMA
(ಇನಿಷಿಯಲ್ K ತೆಗೆಯಬೇಕು)

ಖಾತೆ ತೆರೆಯುವಾಗ ನಾನು ಸಲ್ಲಿಸಿದ ವೋಟರ್ ಗುರುತಿನ ಚೀಟಿಯಲ್ಲಿ ಹಾಗೂ ನನ್ನ ಆಧಾರ್‌ನಲ್ಲಿ ಹೆಸರು SHARADAMMA ಎಂದೇ ಇದ್ದು, ಇದು ಹೆಸರು ಬದಲಾವಣೆ ಆಗಿರದೆ ನಮೂದಿಸುವಾಗ ಆಗಿರುವ ತಪ್ಪಾಗಿರುತ್ತದೆ. ಎರಡೂ ಹೆಸರು ನನ್ನವೇ.

ನನ್ನ ಪತಿಯವರ ವಿಮೆಯ ಹಣ ಪಡೆಯಲು ಹೆಸರು ಸರಿ ಇರುವುದು ಅವಶ್ಯವಾಗಿದೆ. ಆದ್ದರಿಂದ ನನ್ನ ಗ್ರಾಹಕ ಸಂಖ್ಯೆಯ ದಾಖಲೆಯಲ್ಲಿಯೂ, ಅದರಡಿ ಇರುವ ಎಲ್ಲ ಖಾತೆಗಳಲ್ಲಿಯೂ ಹೆಸರನ್ನು ಸರಿಪಡಿಸಿ, ಹೊಸ ಪಾಸ್‌ಬುಕ್ ನೀಡಬೇಕೆಂದು ಕೋರುತ್ತೇನೆ. ಸಾಧ್ಯವಾಗದಿದ್ದಲ್ಲಿ ಕಾರಣವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.

ಲಗತ್ತು: 1. ಆಧಾರ್ ಜೆರಾಕ್ಸ್ 2. ವೋಟರ್ ಐಡಿ ಜೆರಾಕ್ಸ್ 3. ಪಾಸ್‌ಬುಕ್ ಮೊದಲ ಪುಟದ ಜೆರಾಕ್ಸ್

ತಮ್ಮ ವಿಶ್ವಾಸಿ,
(ಬ್ಯಾಂಕಿನಲ್ಲಿ ಇರುವಂತೆಯೇ ಸಹಿ)

ಇಷ್ಟೇ. ಇದರಲ್ಲಿ ಕೆಲವು ಸಾಲು ಸುಮ್ಮನೆ ಬಂದಿಲ್ಲ.

"ಈಗ ಇರುವುದು, ಇರಬೇಕಾದ್ದು" ಅನ್ನುವ ಎರಡು ಸಾಲು ಅರ್ಜಿಯ ಜೀವ. "ನನ್ನ ಹೆಸರು ತಪ್ಪಾಗಿದೆ, ಆಧಾರ್ ಪ್ರಕಾರ ಸರಿ ಮಾಡಿಕೊಡಿ" ಅಂತ ಬರೆದರೆ ಗುಮಾಸ್ತರು ಮತ್ತೆ ಜೆರಾಕ್ಸ್ ನೋಡಿ ಹೊಡೀಬೇಕು. ಆಧಾರ್ ಜೆರಾಕ್ಸ್ ಮಸುಕಾಗಿದ್ದರೆ ಹಳೇ ತಪ್ಪು ಹೋಗಿ ಹೊಸ ತಪ್ಪು ಬರುತ್ತೆ. ಇನಿಷಿಯಲ್ ಬೇಕೋ ಬೇಡವೋ ಅನ್ನೋದನ್ನು ಬಿಡಿಸಿ ಹೇಳಬೇಕು. ಇಲ್ಲದಿದ್ದರೆ SHARADAMMA K ಆಗಿ, ಮತ್ತೆ ಆಧಾರ್‌ಗೆ ತಾಳೆ ಆಗಲ್ಲ.

"ಇದು ಹೆಸರು ಬದಲಾವಣೆ ಅಲ್ಲ" ಅನ್ನುವ ಸಾಲು ಗೆಜೆಟ್ ತನ್ನಿ, ಅಫಿಡವಿಟ್ ತನ್ನಿ ಅನ್ನೋದನ್ನು ತಪ್ಪಿಸೋಕೆ. ತಪ್ಪು ಎಲ್ಲಿಂದ ಬಂತು ಅಂತ ಹೇಳಿದರೆ ಮ್ಯಾನೇಜರ್ ಹಳೇ ಫಾರಂ ತೆಗೆಸಿ ನೋಡಬಹುದು. ಬೈಯುವ ಮಾತು ಮಾತ್ರ ಬೇಡ. 2014ರಲ್ಲಿ ತಪ್ಪು ಮಾಡಿದವರು ಇವತ್ತು ಆ ಶಾಖೆಯಲ್ಲಿ ಇರೋದೇ ಅನುಮಾನ. ಎದುರಿಗೆ ಕೂತವರಿಗೆ ಅದು ಗೊತ್ತೂ ಇರಲ್ಲ.

ಗ್ರಾಹಕ ಸಂಖ್ಯೆ ಅನ್ನೋದನ್ನು ಬಹಳ ಜನ ಗಮನಿಸಿರಲ್ಲ. ಪಾಸ್‌ಬುಕ್ ಮೊದಲ ಪುಟದಲ್ಲಿ ಖಾತೆ ಸಂಖ್ಯೆಯ ಹತ್ತಿರವೇ ಇರುತ್ತೆ, ಕೆಲವು ಬ್ಯಾಂಕಿನಲ್ಲಿ CIF ಅಂತ, ಕೆಲವುದರಲ್ಲಿ Customer ID ಅಂತ. ಒಬ್ಬರಿಗೆ ಉಳಿತಾಯ ಖಾತೆ, ಬೆಳೆ ಸಾಲ, ಎಫ್‌ಡಿ ಮೂರೂ ಇದ್ದರೂ ಈ ಸಂಖ್ಯೆ ಒಂದೇ ಇರಬೇಕು. ಹೆಸರಿನ ಮೂಲ ಇಲ್ಲಿದೆ. ಖಾತೆಯಲ್ಲಿ ಮಾತ್ರ ತಿದ್ದಿ ಇಲ್ಲಿ ಬಿಟ್ಟರೆ ಪಾಸ್‌ಬುಕ್ ಸರಿ ಕಾಣುತ್ತೆ, ನಾಳೆ ಎಫ್‌ಡಿ ಮಾಡಿಸಿದರೆ ಹಳೇ ಹೆಸರೇ ಅಚ್ಚಾಗಿ ಬರುತ್ತೆ. ಅದಕ್ಕೇ ಎರಡೂ ಕಡೆ ಅಂತ ಬರೆದಿರೋದು.

ಸಹಿ ವಿಷಯ. ಬ್ಯಾಂಕಿನವರು ಅರ್ಜಿಯ ಸಹಿಯನ್ನು ತಮ್ಮಲ್ಲಿರುವ ಮಾದರಿ ಸಹಿಗೆ ಹೋಲಿಸಿ ನೋಡ್ತಾರೆ. ಆಗ ಕನ್ನಡದಲ್ಲಿ ಮಾಡಿದ್ದರೆ ಈಗಲೂ ಕನ್ನಡದಲ್ಲೇ ಮಾಡಿ. ಹೆಸರು ಸರಿ ಆಗಲಿ ಅಂತ ಹೊಸದಾಗಿ ಇಂಗ್ಲಿಷ್ ಸಹಿ ಹಾಕಿದರೆ ಹೆಸರೂ ತಾಳೆ ಇಲ್ಲ, ಸಹಿಯೂ ತಾಳೆ ಇಲ್ಲ ಅಂತಾಗುತ್ತೆ. ಹೆಬ್ಬೆಟ್ಟಿನವರಾದರೆ ಬ್ಯಾಂಕಿನವರಿಗೆ ಪರಿಚಯ ಇರುವ ಒಬ್ಬರನ್ನು ಸಾಕ್ಷಿಗೆ ಕರೆದುಕೊಂಡು ಹೋಗಿ ಅಲ್ಲೇ ಒತ್ತೋದು ಒಳ್ಳೇದು. ಜಂಟಿ ಖಾತೆ ಆಗಿದ್ದರೆ ಇನ್ನೊಬ್ಬರ ಸಹಿಯನ್ನೂ ಕೇಳಬಹುದು.

ಒಂದೇ ಅರ್ಜಿಯಲ್ಲಿ ಹೆಸರು, ವಿಳಾಸ, ಮೊಬೈಲ್ ಸಂಖ್ಯೆ, ಹುಟ್ಟಿದ ದಿನ ಎಲ್ಲ ಸರಿ ಮಾಡಿ ಅಂತ ಬರೆಯಬೇಡಿ. ಒಂದಕ್ಕೆ ದಾಖಲೆ ಕಮ್ಮಿ ಆದರೆ ಉಳಿದದ್ದೂ ಅದರ ಜೊತೆ ನಿಲ್ಲುತ್ತೆ.

ಕೌಂಟರ್‌ನಲ್ಲಿ ಏನಾಗುತ್ತೆ

ಅರ್ಜಿ ಕೊಡಬೇಕಾದ್ದು ಖಾತೆ ಇರುವ ಶಾಖೆಗೆ. ಊರಿನ ಬ್ಯಾಂಕ್ ಮಿತ್ರರ ಕೈಗೆ ಕೊಟ್ಟು "ತಲುಪಿಸಿಬಿಡಿ ಅಣ್ಣ" ಅಂದರೆ ಅದು ಅರ್ಜಿ ಕೊಟ್ಟಂತಲ್ಲ. ಜೆರಾಕ್ಸ್ ಜೊತೆ ಮೂಲ ದಾಖಲೆಗಳೂ ಇರಲಿ, ನೋಡಿ ವಾಪಸ್ ಕೊಡ್ತಾರೆ. ಪ್ರತಿ ಜೆರಾಕ್ಸ್ ಮೇಲೆ ಸಹಿ ಹಾಕಿ, "ಖಾತೆಯಲ್ಲಿ ಹೆಸರು ತಿದ್ದುಪಡಿಗೆ ಮಾತ್ರ" ಅಂತ ದಿನಾಂಕ ಸಮೇತ ಅಡ್ಡಲಾಗಿ ಬರೆಯಿರಿ. ಆಗ ಅದೇ ಜೆರಾಕ್ಸ್ ಇನ್ನೊಂದು ಕಡೆ ಬಳಕೆ ಆಗೋದು ಕಷ್ಟ.

ಬಹಳ ಕಡೆ ಬೆರಳು ಒತ್ತಿಸಿ ಆಧಾರ್ ಇ-ಕೆವೈಸಿ ಮಾಡ್ತಾರೆ. ಇದಕ್ಕೆ ಹಿಂದೇಟು ಹಾಕಬೇಕಿಲ್ಲ. ಹೀಗೆ ಮಾಡಿದಾಗ ಹೆಸರು ಆಧಾರ್ ದಾಖಲೆಯಿಂದ ನೇರವಾಗಿ ಬರುತ್ತೆ, ಕೈಯಲ್ಲಿ ಹೊಡೆಯುವ ತಪ್ಪು ಇರಲ್ಲ. ಬೆರಳು ಒತ್ತುವ ಮೊದಲು ಯಾಕೆ ಒತ್ತಿಸ್ತಿದ್ದಾರೆ ಅಂತ ಕೇಳಿಕೊಳ್ಳಿ ಅಷ್ಟೇ.

ಒಬ್ಬರು ಕಂಪ್ಯೂಟರ್‌ನಲ್ಲಿ ತಿದ್ದಿದರೆ ಸಾಲದು, ಇನ್ನೊಬ್ಬ ಅಧಿಕಾರಿ ಅದನ್ನು ನೋಡಿ ಒಪ್ಪಬೇಕು. ಅದಕ್ಕೇ "ಹೊಡೆದಿದ್ದೀನಿ, ನಾಳೆ ಬನ್ನಿ" ಅನ್ನೋದು. ಇದು ನೆಪ ಅಲ್ಲ, ಒಬ್ಬರೇ ಕೂತು ಯಾರ ಖಾತೆಯನ್ನೋ ಯಾರ ಹೆಸರಿಗೋ ಮಾಡದಿರಲಿ ಅಂತ ಇಟ್ಟಿರುವ ವ್ಯವಸ್ಥೆ.

ಅಫಿಡವಿಟ್ ಕೇಳಿದರೆ? ಒಂದೆರಡು ಅಕ್ಷರದ ತಪ್ಪಾಗಿದ್ದು, ಖಾತೆ ತೆರೆದಾಗಿನ ದಾಖಲೆಯಲ್ಲೇ ಸರಿ ಹೆಸರಿದ್ದರೆ ಹಳೇ ಫಾರಂ ನೋಡಿ ಅಂತ ಮ್ಯಾನೇಜರ್‌ಗೆ ಮರ್ಯಾದೆಯಿಂದ ಹೇಳಬಹುದು. ಆದರೆ ಹಳೇ ಫಾರಂನಲ್ಲೂ ತಪ್ಪೇ ಇದ್ದರೆ, ಅಥವಾ ಹೆಸರು ಅರ್ಧಕ್ಕರ್ಧ ಬೇರೆ ಇದ್ದರೆ (ಪಾಸ್‌ಬುಕ್‌ನಲ್ಲಿ ಮನೆಯಲ್ಲಿ ಕರೆಯೋ ಹೆಸರು, ಆಧಾರ್‌ನಲ್ಲಿ ಶಾಲೆ ಹೆಸರು) "ಎರಡೂ ಹೆಸರಿನ ವ್ಯಕ್ತಿ ನಾನೊಬ್ಬಳೇ" ಅಂತ ಇ-ಸ್ಟ್ಯಾಂಪ್ ಕಾಗದದಲ್ಲಿ ನೋಟರಿ ಮಾಡಿಸಿ ಕೊಡಬೇಕಾಗಿ ಬರಬಹುದು. ಬ್ಯಾಂಕಿನವರ ಭಯವೂ ಅರ್ಥ ಆಗುವಂಥದ್ದೇ. ಇಂಥ ತಿದ್ದುಪಡಿ ಹೆಸರಲ್ಲಿ ಸತ್ತವರ ಖಾತೆಯನ್ನು ಬೇರೆಯವರ ಹೆಸರಿಗೆ ಮಾಡಿಸಿಕೊಳ್ಳೋಕೆ ಬರುವವರೂ ಇರಬಹುದಲ್ಲ.

ಏನೇ ಆದರೂ ಒಂದು ಕೆಲಸ ಬಿಡಬಾರದು. ಅರ್ಜಿಯ ಎರಡು ಪ್ರತಿ ಇರಲಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಬ್ಯಾಂಕಿನ ಸೀಲು, ದಿನಾಂಕ, ಪಡೆದವರ ಸಹಿ ಹಾಕಿಸಿಕೊಳ್ಳಿ. ಫಾರಂ ಇದ್ದರೂ ಅರ್ಜಿ ಬರೆಯಿರಿ ಅಂದದ್ದು ಇದಕ್ಕೇ. ಸೀಲು ಹಾಕಲ್ಲ ಅಂದರೆ ಜಗಳ ಬೇಡ. ಅದೇ ಅರ್ಜಿಯನ್ನು ಶಾಖಾ ವ್ಯವಸ್ಥಾಪಕರ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಅಂಗಡಿಯವರಿಗೆ ಸ್ವಲ್ಪ ಬೇರೆ

ಕಿರಾಣಿ, ಬಟ್ಟೆ, ಗೊಬ್ಬರದ ಅಂಗಡಿಯವರ ಚಾಲ್ತಿ ಖಾತೆಯಲ್ಲಿ ಎರಡು ಹೆಸರಿರುತ್ತೆ: ಅಂಗಡಿಯದ್ದು, ಮಾಲೀಕರದ್ದು. ಎರಡರಲ್ಲಿ ಯಾವುದು ತಪ್ಪಿದೆ ಅಂತ ಅರ್ಜಿಯಲ್ಲಿ ಬಿಡಿಸಿ ಬರೆಯಬೇಕು. ಮಾಲೀಕರ ಹೆಸರು ತಪ್ಪಿದ್ದರೆ ಮೇಲಿನದ್ದೇ ದಾರಿ. ಅಂಗಡಿ ಹೆಸರು ತಪ್ಪಿದ್ದರೆ ಆಧಾರ್ ತೋರಿಸಿ ಪ್ರಯೋಜನ ಇಲ್ಲ. ಜಿಎಸ್‌ಟಿ ನೋಂದಣಿ, ಉದ್ಯಮ್ ನೋಂದಣಿ, ಅಂಗಡಿ ಲೈಸೆನ್ಸ್ ಇಂಥ ಕಾಗದದಲ್ಲಿ ಹೆಸರು ಹೇಗಿದೆಯೋ ಹಾಗೆ ಮಾಡಿಕೊಡ್ತಾರೆ. ಬೋರ್ಡಿನ ಮೇಲೆ TRADERS, ಜಿಎಸ್‌ಟಿಯಲ್ಲಿ TRADING, ಖಾತೆಯಲ್ಲಿ TRADRES. ಮೂರೂ ಬೇರೆ ಇದ್ದರೆ ಮೊದಲು ನೋಂದಣಿ ಪತ್ರದಲ್ಲಿ ಇರುವುದನ್ನೇ ಎಲ್ಲ ಕಡೆ ಬಳಸೋದು ಅಂತ ತೀರ್ಮಾನ ಮಾಡಿಕೊಳ್ಳಿ. ಕೊಡುವವರ ಚೆಕ್ ಬರೋದು ಬಿಲ್ಲಿನಲ್ಲಿರೋ ಹೆಸರಿಗೆ, ತಾಳೆ ನೋಡೋದು ಖಾತೆ ಹೆಸರಿಗೆ.

ಹೆಸರು ಸರಿ ಆದ ಮೇಲೂ ಕ್ಯೂಆರ್ ಸ್ಟ್ಯಾಂಡಿನ ಮೇಲೆ ಅಚ್ಚಾಗಿರುವ ಹೆಸರು ತಾನಾಗಿ ಬದಲಾಗಲ್ಲ. ಅದನ್ನು ಕೊಟ್ಟ ಕಂಪನಿಗೆ ತಿಳಿಸಿ ಹೊಸದು ಹಾಕಿಸಿಕೊಳ್ಳಬೇಕು.

ಆಯ್ತು ಅಂದ ಮೇಲೆ ನೋಡಬೇಕಾದ್ದು

ಹೊಸ ಪಾಸ್‌ಬುಕ್ ಕೈಗೆ ಬಂದ ಕೂಡಲೇ ಮೊದಲ ಪುಟವನ್ನು ಕೌಂಟರ್ ಮುಂದೆಯೇ ಅಕ್ಷರ ಅಕ್ಷರ ಓದಿ. ಓದೋಕೆ ಬರದಿದ್ದರೆ ಪಕ್ಕದವರಿಗೆ ಆಧಾರ್ ಕೊಟ್ಟು ಎರಡನ್ನೂ ಹಿಡಿದು ನೋಡೋಕೆ ಹೇಳಿ. ಎಫ್‌ಡಿ ಇದ್ದರೆ ಅದರ ರಸೀದಿ, ಸಾಲ ಇದ್ದರೆ ಸಾಲದ ಖಾತೆ, ಚೆಕ್ ಬುಕ್ ಇದ್ದರೆ ಅದು, ಎಲ್ಲದರಲ್ಲೂ ಹೊಸ ಹೆಸರು ಬಂತಾ ಅಂತ ಕೇಳಿ. ಹಳೇ ಎಟಿಎಂ ಕಾರ್ಡಿನ ಮೇಲಿನ ಹೆಸರು ಹಾಗೇ ಇರುತ್ತೆ, ಬೇಕಾದರೆ ಹೊಸ ಕಾರ್ಡಿಗೆ ಬೇರೆ ಅರ್ಜಿ ಕೊಡಬೇಕು.

ಆಧಾರ್ ಜೋಡಣೆ ಹಾಗೇ ಇದೆಯಾ ಅಂತಲೂ ನೋಡಿಕೊಳ್ಳಿ. ಮೊಬೈಲ್‌ನಲ್ಲಿ myAadhaar ಪುಟ ತೆರೆದು Bank Seeding Status ಒತ್ತಿದರೆ ಯಾವ ಬ್ಯಾಂಕ್ ಜೋಡಣೆ ಆಗಿದೆ ಅಂತ ತೋರಿಸುತ್ತೆ. ಎರಡು ಮೂರು ಬ್ಯಾಂಕಿನಲ್ಲಿ ಖಾತೆ ಇರುವವರಿಗೆ ಯೋಜನೆಯ ಹಣ ತಾವು ಅಂದುಕೊಂಡ ಖಾತೆಗೆ ಬರದೆ ಬೇರೆ ಕಡೆ ಹೋಗ್ತಿದ್ದರೆ, ಅದು ಹೆಸರಿನ ತಪ್ಪಲ್ಲ, ಜೋಡಣೆಯ ವಿಷಯ. ಅದಕ್ಕೆ ಈ ಅರ್ಜಿ ಬರೆದು ಪ್ರಯೋಜನ ಇಲ್ಲ.

ಶಾರದಮ್ಮನಂಥವರು ಇನ್ನೊಂದನ್ನೂ ನೋಡಬೇಕು. ಅವರ ಸ್ವಂತ ಖಾತೆಯಿಂದಲೂ ಜೀವನ್ ಜ್ಯೋತಿಯ 436 ಅಥವಾ ಅಪಘಾತ ವಿಮೆಯ 20 ರೂಪಾಯಿ ಕಟ್ ಆಗ್ತಿದ್ದರೆ, ಆ ವಿಮೆ ಹಳೇ ಹೆಸರಲ್ಲೇ ದಾಖಲಾಗಿರಬಹುದು. ಹಾಗೆಯೇ ಅವರ ಖಾತೆಯ ನಾಮಿನಿ ಈಗಲೂ ತೀರಿಕೊಂಡ ಗಂಡನೇ ಆಗಿರಬಹುದು. ಬ್ಯಾಂಕಿಗೆ ಹೋದ ದಿನವೇ ನಾಮಿನಿ ಬದಲಿಸುವ ಫಾರಂ ಕೇಳಿ ಪಡೆದು ಮಗನ ಅಥವಾ ಮಗಳ ಹೆಸರನ್ನು ಅವರ ಆಧಾರ್ ನೋಡಿ ತುಂಬಿಸೋದು ಉತ್ತಮ.

30 ದಿನ ಆದರೂ ಆಗದಿದ್ದರೆ

ದಾಖಲೆ ಎಲ್ಲ ಸರಿ ಇದ್ದರೆ ಇದು ಅದೇ ದಿನ ಅಥವಾ ಕೆಲವೇ ದಿನದಲ್ಲಿ ಆಗುವ ಕೆಲಸ. ವಾರ ಕಳೆದರೆ ಸೀಲು ಇರುವ ಪ್ರತಿ ಹಿಡಿದು ಮ್ಯಾನೇಜರ್ ಹತ್ತಿರವೇ ಹೋಗಿ ಕೇಳಿ. ಆಗಲೂ ಆಗದಿದ್ದರೆ ಬ್ಯಾಂಕಿನ ಮೇಲಿನ ಕಚೇರಿಗೆ ದೂರು ಕೊಡಬಹುದು. ಅದರ ಹೆಸರು, ಫೋನ್ ಸಂಖ್ಯೆ ಶಾಖೆಯ ಗೋಡೆ ಮೇಲೆ ಹಾಕಿರಬೇಕು.

ಬ್ಯಾಂಕಿಗೆ ಲಿಖಿತವಾಗಿ ದೂರು ಕೊಟ್ಟು 30 ದಿನ ಆದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. cms.rbi.org.in ನಲ್ಲಿ ದೂರು ಹಾಕಬಹುದು, ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಆದರೆ ಮೊದಲು ಬ್ಯಾಂಕಿಗೇ ಕೊಟ್ಟಿರಬೇಕು, ಕೊಟ್ಟದ್ದಕ್ಕೆ ದಾಖಲೆ ಇರಬೇಕು. "ನಾಲ್ಕು ಸಲ ಹೋಗಿ ಬಾಯಲ್ಲಿ ಹೇಳಿದ್ದೆ" ಅನ್ನೋದು ಅಲ್ಲಿ ಲೆಕ್ಕಕ್ಕೆ ಬರಲ್ಲ. ಸೀಲಿನ ದಿನಾಂಕದಿಂದಲೇ ಎಣಿಕೆ.

ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಹೆಸರು ತಪ್ಪಿದ್ದರೆ ಈ ದಾರಿ ಇಲ್ಲ, ಅದು ಬ್ಯಾಂಕಲ್ಲ. ಅಲ್ಲಿ ಕಾರ್ಯದರ್ಶಿಗೆ ಇದೇ ರೀತಿ ಅರ್ಜಿ ಕೊಟ್ಟು, ಆಗದಿದ್ದರೆ ಸಹಕಾರ ಇಲಾಖೆಯ ಅಧಿಕಾರಿಗಳ ಹತ್ತಿರ ಹೋಗಬೇಕು.

ಶಾರದಮ್ಮನ ವಿಷಯಕ್ಕೆ ಬಂದರೆ, ಹೆಸರು ಸರಿ ಆಗೋವರೆಗೆ ವಿಮೆಯ ಕಾಗದ ಮನೆಯಲ್ಲಿ ಇಟ್ಟುಕೊಂಡು ಕೂರಬೇಕಿಲ್ಲ. ಗಂಡನ ಖಾತೆ ಇದ್ದ ಶಾಖೆಗೆ ಕ್ಲೇಮ್ ಫಾರಂ, ಮರಣ ಪ್ರಮಾಣಪತ್ರ ಕೊಟ್ಟು, ಅದರ ಜೊತೆಗೆ ಸೀಲು ಬಿದ್ದ ತಿದ್ದುಪಡಿ ಅರ್ಜಿಯ ಒಂದು ಜೆರಾಕ್ಸ್ ಲಗತ್ತಿಸಿ, "ಹೆಸರು ತಿದ್ದುಪಡಿ ಆಗುತ್ತಿದೆ, ಹೊಸ ಪಾಸ್‌ಬುಕ್ ಪ್ರತಿ ಕೂಡಲೇ ಸಲ್ಲಿಸುತ್ತೇನೆ" ಅಂತ ಒಂದು ಸಾಲು ಬರೆದು ಕೊಡಬಹುದು. ಕ್ಲೇಮ್ ಕೊಟ್ಟ ದಿನಾಂಕಕ್ಕೂ ಅಲ್ಲಿ ಒಂದು ಸೀಲು ಹಾಕಿಸಿಕೊಳ್ಳಬೇಕು.